ಸೊಸೈಟಿ ಠೇವಣಿ, ಅತ್ತೆಯ ಚೀಟಿ: ಎರಡರ ಕಾಗದ ಬಿಚ್ಚಿ ನೋಡಿದಾಗ

ನಮ್ಮ ಮನೆಯಲ್ಲಿ ಮೊದಲಿಂದಲೂ ಚೀಟಿ ಅಂದರೆ ಭಯ, ಸೊಸೈಟಿ ಅಂದರೆ ನಂಬಿಕೆ. ತುಮಕೂರಿನ ನಮ್ಮ ಬೀದಿಯಲ್ಲೇ ಚೀಟಿ ನಡೆಸುತ್ತಿದ್ದವರು ರಾತ್ರೋರಾತ್ರಿ ಮನೆ ಖಾಲಿ ಮಾಡಿಕೊಂಡು ಹೋಗಿದ್ದನ್ನು ಎಲ್ಲರೂ ಕಂಡಿದ್ದಾರೆ. ಸೊಸೈಟಿ ಹಾಗಲ್ಲ ಅನ್ನೋದು ಅಪ್ಪನ ವಾದ. ಅದಕ್ಕೆ ಸ್ವಂತ ಕಟ್ಟಡ ಇದೆ, ಅಧ್ಯಕ್ಷರು ಊರಲ್ಲಿ ಹೆಸರಿರುವವರು, ಸರಕಾರದ ರಿಜಿಸ್ಟ್ರೇಷನ್ ನಂಬರ್ ಬೋರ್ಡಿನ ಮೇಲೇ ಬರೆದಿದೆ.

ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾದರು. ಕೈಗೆ ಬಂದ ಗ್ರಾಚ್ಯುಟಿ, ಕಮ್ಯುಟೇಷನ್ ಹಣದಲ್ಲಿ 15 ಲಕ್ಷವನ್ನು ಆ ಪತ್ತಿನ ಸಹಕಾರ ಸಂಘದಲ್ಲಿ ಇಡೋದು ಅಂತ ಮನೆಯಲ್ಲಿ ಮಾತಾಗಿತ್ತು. ಹಿರಿಯ ನಾಗರಿಕರಿಗೆ ಶೇ. 10.5 ಬಡ್ಡಿ. ಅದೇ ವಾರ ಅತ್ತೆ ಒಂದು ಕಂಪನಿಯಲ್ಲಿ 5 ಲಕ್ಷದ ಚೀಟಿ ಕಟ್ಟುತ್ತಿದ್ದಾರೆ ಅಂತ ಗೊತ್ತಾಗಿ ಅಪ್ಪ ಅವರ ಮೇಲೆ ರೇಗಾಡಿದರು. "ನಿನ್ ಸೊಸೈಟಿಗಿಂತ ನನ್ ಚೀಟಿ ಗಟ್ಟಿಯಾಗಿದೆ ಬಿಡಣ್ಣ" ಅಂತ ಅತ್ತೆಯೂ ತಿರುಗಿಸಿ ಹೇಳಿದರು. ಜಗಳ ಬಿಡಿಸೋಕೆ ಅಂತ ನಾನು ಎರಡನ್ನೂ ಪರಿಶೀಲಿಸುವ ಕೆಲಸ ಹಚ್ಚಿಕೊಂಡೆ. ನನ್ನದು ಅಕೌಂಟ್ಸ್ ಕೆಲಸ, ಲೆಕ್ಕಪತ್ರ ಓದುವುದು ಹೊಸದಲ್ಲ. ಆದರೆ ಸೊಸೈಟಿಯ ಲೆಕ್ಕ ಓದುವ ರೀತಿ ಸ್ವಲ್ಪ ಬೇರೆಯೇ ಇದೆ.

ಮೊದಲು ಸೊಸೈಟಿಗೆ ಹೋದೆ. ನಮ್ಮ ಬೀದಿಗೆ ದಿನಾ ಬರುವ ಪಿಗ್ಮಿ ಏಜೆಂಟರೇ ಕರೆದುಕೊಂಡು ಹೋದರು. ಒಳ್ಳೆಯ ಮನುಷ್ಯ. ಅವರ ಸ್ವಂತ ಉಳಿತಾಯವೂ ಅಲ್ಲೇ ಇದೆ, ಹಾಗಾಗಿ ಅವರು ಹೇಳುವುದರಲ್ಲಿ ಮೋಸ ಇರಲಿಲ್ಲ. ಮ್ಯಾನೇಜರ್ ಟೀ ತರಿಸಿದರು. ಮೂರು ಮಾತು ಹೇಳಿದರು: ನಮ್ಮದು ರಿಜಿಸ್ಟರ್ಡ್ ಸಂಸ್ಥೆ, 5 ಲಕ್ಷದವರೆಗೆ ಇನ್ಶೂರೆನ್ಸ್ ಇದೆ, ಬಡ್ಡಿಗೆ ಟಿಡಿಎಸ್ ಹಿಡಿಯುವುದಿಲ್ಲ.

ಮೊದಲನೆಯದು ನಿಜ, ಆದರೆ ಅದರಿಂದ ಠೇವಣಿದಾರನಿಗೆ ಸಿಗುವುದು ಕಮ್ಮಿ. ಪತ್ತಿನ ಸಹಕಾರ ಸಂಘಗಳು ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರ ಕೆಳಗೆ ನೋಂದಣಿಯಾಗುತ್ತವೆ. ಸೌಹಾರ್ದ ಪತ್ತಿನ ಸಹಕಾರಿಗಳು 1997ರ ಸೌಹಾರ್ದ ಕಾಯ್ದೆಯ ಕೆಳಗೆ ಬರುತ್ತವೆ. ಎರಡಕ್ಕೂ ರಿಸರ್ವ್ ಬ್ಯಾಂಕಿನ ಬ್ಯಾಂಕಿಂಗ್ ಲೈಸೆನ್ಸ್ ಇರುವುದಿಲ್ಲ. ನೋಂದಣಿ ಅಂದರೆ ಸಂಘ ಅಸ್ತಿತ್ವದಲ್ಲಿದೆ ಅಂತ ಅಷ್ಟೇ. ಕೊಟ್ಟ ಸಾಲ ವಾಪಸ್ ಬರುತ್ತಿದೆಯೋ ಇಲ್ಲವೋ ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಎರಡನೆಯದು ಪೂರ್ತಿ ಸುಳ್ಳು. 5 ಲಕ್ಷದ ಠೇವಣಿ ವಿಮೆ ಕೊಡುವುದು ಡಿಐಸಿಜಿಸಿ ಅನ್ನುವ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ. ಅದು ಬ್ಯಾಂಕುಗಳಿಗೆ ಮಾತ್ರ. ಲೈಸೆನ್ಸ್ ಇರುವ ಸಹಕಾರ ಬ್ಯಾಂಕೂ ಅದರಲ್ಲಿ ಸೇರುತ್ತದೆ, ಪತ್ತಿನ ಸಂಘ ಸೇರುವುದಿಲ್ಲ. www.dicgc.org.in ನಲ್ಲಿ ವಿಮೆ ಇರುವ ಬ್ಯಾಂಕುಗಳ ಪಟ್ಟಿ ಇದೆ. ಅದರಲ್ಲಿ ಹೆಸರಿಲ್ಲದಿದ್ದರೆ ಒಂದು ರೂಪಾಯಿಯ ವಿಮೆಯೂ ಇಲ್ಲ. ನಾನು ಮ್ಯಾನೇಜರ್ ಎದುರೇ ಮೊಬೈಲಿನಲ್ಲಿ ಪಟ್ಟಿ ತೆಗೆದೆ. ಅವರು "ಅದು ಬೇರೆ ಸಾರ್, ನಮ್ಮದು ಕಟ್ಟಡಕ್ಕೆ, ಕ್ಯಾಶಿಗೆ ಮಾಡಿಸಿರೋ ಇನ್ಶೂರೆನ್ಸ್" ಅಂದರು. ಕಳ್ಳತನ, ಬೆಂಕಿಗೆ ಮಾಡಿಸಿದ ವಿಮೆ ಅದು. ಅದನ್ನೇ ಠೇವಣಿಯ ವಿಮೆ ಅನ್ನುವ ಹಾಗೆ ಹೇಳುವ ರೂಢಿ ಆಗಿಬಿಟ್ಟಿದೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಲೈಸೆನ್ಸ್ ಇರುವ ಸಹಕಾರ ಬ್ಯಾಂಕೂ ಕೆಡುತ್ತದೆ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಆದರೆ ಅದು ಬ್ಯಾಂಕ್ ಆಗಿದ್ದರಿಂದ ವಿಮೆ ಇತ್ತು. ಆ ವಿಮೆಯ ಮಿತಿ 2020ರ ಫೆಬ್ರವರಿಯಲ್ಲಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. ನಿರ್ಬಂಧ ಬಿದ್ದ 90 ದಿನದಲ್ಲಿ ವಿಮೆ ಹಣ ಕೊಡಬೇಕು ಅಂತ 2021ರಲ್ಲಿ ಕಾಯ್ದೆಗೆ ತಿದ್ದುಪಡಿಯೂ ಬಂತು. ಪತ್ತಿನ ಸಂಘ ಮುಳುಗಿದರೆ ಈ ಯಾವುದೂ ಅನ್ವಯಿಸುವುದಿಲ್ಲ. ಸಾಲಗಾರರಿಂದ ವಸೂಲಾದಷ್ಟು, ವಸೂಲಾದಾಗ.

ಮೂರನೆಯದು, ಟಿಡಿಎಸ್. ಸಣ್ಣ ಸಂಘಗಳು ಸದಸ್ಯರ ಬಡ್ಡಿಗೆ ಟಿಡಿಎಸ್ ಹಿಡಿಯಬೇಕಿಲ್ಲ, ಅದು ಸರಿ. ಆದರೆ ಬಡ್ಡಿಗೆ ತೆರಿಗೆಯೇ ಇಲ್ಲ ಅಂತ ಅರ್ಥ ಅಲ್ಲ. ಅಪ್ಪನಿಗೆ ಪಿಂಚಣಿ ಇದೆ, ಈ ಬಡ್ಡಿಯನ್ನೂ ಅದಕ್ಕೆ ಸೇರಿಸಿ ಲೆಕ್ಕ ತೋರಿಸಲೇಬೇಕು.

ಇನ್ನು ಸದಸ್ಯತ್ವ. ಅಪ್ಪ ಎಷ್ಟೋ ವರ್ಷದ ಹಿಂದೆ ಷೇರು ತೆಗೆದುಕೊಂಡು ಪೂರ್ಣ ಸದಸ್ಯರಾಗಿದ್ದಾರೆ. ಅಮ್ಮನ ಹೆಸರಲ್ಲೂ ಅಲ್ಲಿ 2 ಲಕ್ಷದ ಮುದ್ದತಿ ಠೇವಣಿ ಇತ್ತು. ಅದರ ಬಾಂಡ್ ಜತೆ ಇದ್ದ ರಸೀದಿ ನೋಡಿದರೆ 100 ರೂಪಾಯಿ ಕಟ್ಟಿಸಿಕೊಂಡು 'ನಾಮಮಾತ್ರ ಸದಸ್ಯರು' ಅಂತ ಬರೆದಿದ್ದರು. ನಾಮಮಾತ್ರ ಸದಸ್ಯರಿಗೆ ಓಟು ಇಲ್ಲ, ಲಾಭಾಂಶ ಇಲ್ಲ. ಅಷ್ಟೇ ಆಗಿದ್ದರೆ ಬಿಡಬಹುದಿತ್ತು. ನಾಮಮಾತ್ರ ಸದಸ್ಯರಿಂದ, ಸಹ ಸದಸ್ಯರಿಂದ ಸಹಕಾರ ಸಂಘ ಠೇವಣಿ ತೆಗೆದುಕೊಳ್ಳುವುದು ಲೈಸೆನ್ಸ್ ಇಲ್ಲದೆ ಬ್ಯಾಂಕಿಂಗ್ ನಡೆಸಿದ ಹಾಗೆ ಅಂತ ರಿಸರ್ವ್ ಬ್ಯಾಂಕ್ 2021ರ ನವೆಂಬರಿನಲ್ಲಿ ಜನರಿಗೆ ಎಚ್ಚರಿಕೆ ಕೊಟ್ಟಿತ್ತು. 'ಬ್ಯಾಂಕ್' ಅನ್ನುವ ಹೆಸರು ಹಾಕಿಕೊಳ್ಳುವಂತಿಲ್ಲ ಅಂತಲೂ ಅದರಲ್ಲೇ ಇತ್ತು. ನಮ್ಮ ಸೊಸೈಟಿಯ ಬೋರ್ಡಿನಲ್ಲಿ ಬ್ಯಾಂಕ್ ಅಂತ ಇರಲಿಲ್ಲ. ಊರಿನವರ ಬಾಯಲ್ಲಿ ಮಾತ್ರ ಅದು ಯಾವಾಗಲೂ ಬ್ಯಾಂಕೇ.

ಇದೆಲ್ಲ ಒಂದು ಕಡೆ. ನನಗೆ ಬೇಕಾಗಿದ್ದುದು ವಾರ್ಷಿಕ ವರದಿ. ಸರ್ವಸದಸ್ಯರ ಸಭೆಗೆ ಮುಂಚೆ ಸದಸ್ಯರಿಗೆ ಹಂಚುತ್ತಾರಲ್ಲ, ಮುಖಪುಟದಲ್ಲಿ ಗಣಪತಿ, ಒಳಗೆ ನಿರ್ದೇಶಕರ ಫೋಟೋ ಇರುವ ಪುಸ್ತಕ, ಅದು. ಅಪ್ಪ ಅದನ್ನು ಪ್ರತಿ ವರ್ಷ ತಂದು, ಊಟದ ಕೂಪನ್ ಹರಿದುಕೊಂಡು, ಪುಸ್ತಕವನ್ನು ಅಟ್ಟದ ಮೇಲೆ ಹಾಕುತ್ತಿದ್ದರು. ಹಾಗಾಗಿ ಹಳೆ ವರ್ಷದ್ದೂ ಸಿಕ್ಕವು. ಅದರಲ್ಲಿ ಮೊದಲ ಪುಟಗಳ ಭಾಷಣ ಬಿಟ್ಟು ಕೊನೆಯಲ್ಲಿರುವ ಆಸ್ತಿ ಮತ್ತು ಜವಾಬ್ದಾರಿ ಪಟ್ಟಿಗೆ ನೇರ ಹೋದೆ.

ಜವಾಬ್ದಾರಿ ಕಡೆ ಠೇವಣಿ 42 ಕೋಟಿ. ಷೇರು ಬಂಡವಾಳ ಒಂದೂವರೆ ಕೋಟಿ. ಆಪದ್ಧನ ಮತ್ತು ಇತರ ನಿಧಿ ಸೇರಿ 1.2 ಕೋಟಿ. ಅಂದರೆ ಸಂಘದ ಸ್ವಂತ ಹಣ ಮೂರು ಕೋಟಿಗೂ ಕಮ್ಮಿ. ಮಿಕ್ಕಿದ್ದೆಲ್ಲ ಹೆಚ್ಚುಕಡಿಮೆ ಠೇವಣಿದಾರರದ್ದೇ. ಆಸ್ತಿ ಕಡೆ ಸಾಲ 38 ಕೋಟಿ. ಸಾಲದಲ್ಲಿ ಹದಿಮೂರರಲ್ಲಿ ಒಂದು ಭಾಗ ಮುಳುಗಿದರೂ ಸಂಘದ ಸ್ವಂತ ಹಣ ಪೂರ್ತಿ ಕರಗಿ, ಅಲ್ಲಿಂದ ಮುಂದೆ ನಷ್ಟ ಠೇವಣಿದಾರರ ತಲೆ ಮೇಲೆ.

ಆಮೇಲೆ ನಗದು ಮತ್ತು ಬೇರೆ ಬ್ಯಾಂಕುಗಳಲ್ಲಿ ಇಟ್ಟ ಹಣ ಎಷ್ಟು ಅಂತ ಕೂಡಿದೆ. 3.2 ಕೋಟಿ. 42 ಕೋಟಿ ಠೇವಣಿಗೆ ಕೈಯಲ್ಲಿರುವುದು ನೂರಕ್ಕೆ ಎಂಟು ರೂಪಾಯಿ ಕೂಡ ಅಲ್ಲ. ಬ್ಯಾಂಕುಗಳಾದರೆ ಶೇ. 18ರಷ್ಟನ್ನು ಸರಕಾರಿ ಸಾಲಪತ್ರದಂಥ ಕಡೆ ಇಟ್ಟಿರಲೇಬೇಕು, ರಿಸರ್ವ್ ಬ್ಯಾಂಕಿನಲ್ಲಿ ಇಡುವ ನಗದು ಅದರ ಮೇಲೆ. ಇಲ್ಲಿ ಹತ್ತು ಜನರಲ್ಲಿ ಒಬ್ಬರು ಬಂದು ಹಣ ಕೇಳಿದರೂ ಕೌಂಟರ್ ಖಾಲಿ.

ಇಷ್ಟಕ್ಕೇ ಸಂಘ ಕೆಟ್ಟಿದೆ ಅನ್ನೋಕಾಗಲ್ಲ. ಸಾಲ ಸರಿಯಾಗಿ ವಾಪಸ್ ಬರುತ್ತಿದ್ದರೆ ಇದರಲ್ಲೇ ನಡೆದುಕೊಂಡು ಹೋಗುತ್ತದೆ. ನನ್ನ ಕಣ್ಣು ನಿಂತದ್ದು ಇನ್ನೊಂದು ಸಾಲಿನ ಮೇಲೆ: 'ಬರಬೇಕಾದ ಬಡ್ಡಿ'. ಅಲ್ಲಿ 4.1 ಕೋಟಿ ಇತ್ತು. ಪಕ್ಕದ ಕಾಲಮಿನಲ್ಲಿ ಹಿಂದಿನ ವರ್ಷದ್ದು 2.3 ಕೋಟಿ.

ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸಂಘ ಸರಾಸರಿ ಶೇ. 14ರಲ್ಲಿ ಸಾಲ ಕೊಟ್ಟಿದೆ ಅಂದುಕೊಂಡರೆ 38 ಕೋಟಿಗೆ ವರ್ಷಕ್ಕೆ ಸುಮಾರು 5.3 ಕೋಟಿ ಬಡ್ಡಿ ಬರಬೇಕು. ಬರದೆ ಉಳಿದಿರುವುದೇ 4.1 ಕೋಟಿ. ಬಾಕಿ ಬಡ್ಡಿ ಒಂದೇ ವರ್ಷದಲ್ಲಿ 1.8 ಕೋಟಿ ಏರಿದೆ. ಹಾಗಿದ್ದರೂ ಲಾಭ-ನಷ್ಟ ಪಟ್ಟಿಯಲ್ಲಿ ಆ ವರ್ಷ 20 ಲಕ್ಷ ನಿವ್ವಳ ಲಾಭ ತೋರಿಸಿದ್ದರು. ಹೇಗೆ? ಕೈಗೆ ಬಾರದ ಬಡ್ಡಿಯನ್ನೂ ಆದಾಯ ಅಂತ ಬರೆದುಕೊಂಡಿದ್ದರು. ಹೆಚ್ಚಾದ ಆ 1.8 ಕೋಟಿಯನ್ನು ತೆಗೆದರೆ 20 ಲಕ್ಷದ ಲಾಭ 1.6 ಕೋಟಿಯ ನಷ್ಟ ಆಗುತ್ತದೆ. ಸುಸ್ತಿಯಾದ ಬಡ್ಡಿಗೆ ಎದುರಾಗಿ ಜವಾಬ್ದಾರಿ ಕಡೆ ಒಂದು ನಿಧಿ ತೆಗೆದಿಟ್ಟಿದ್ದರೆ ಒಪ್ಪಬಹುದಿತ್ತು. ಅದನ್ನೂ ಹುಡುಕಿದೆ. 25 ಲಕ್ಷ ಮಾತ್ರ ಇತ್ತು. ಹೀಗಿದ್ದೂ ಸದಸ್ಯರಿಗೆ ಶೇ. 10 ಡಿವಿಡೆಂಡ್ ಹಂಚಿ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಹಂಚಿದ ಆ 15 ಲಕ್ಷ ಎಲ್ಲಿಂದ ಬಂತು ಹೇಳಿ? ಹೊಸ ಠೇವಣಿಯಿಂದ.

ಈ ಒಂದು ಪರೀಕ್ಷೆಗೆ ಸಿಎ ಓದಿರಬೇಕಿಲ್ಲ. ಬರಬೇಕಾದ ಬಡ್ಡಿ ಈ ವರ್ಷ ಎಷ್ಟು ಜಾಸ್ತಿಯಾಗಿದೆ, ಲಾಭ ಎಷ್ಟು ತೋರಿಸಿದ್ದಾರೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಆಯ್ತು. ಮೊದಲನೆಯದು ಎರಡನೆಯದಕ್ಕಿಂತ ದೊಡ್ಡದಾಗಿದ್ದರೆ ಅಲ್ಲಿ ಲಾಭ ಇರುವುದು ಕಾಗದದ ಮೇಲೆ.

ಅಪ್ಪನಿಗೆ ಇದನ್ನು ತೋರಿಸಿದೆ. ಅವರು ಒಪ್ಪಲಿಲ್ಲ. "ಆಡಿಟ್‌ನಲ್ಲಿ 'ಬಿ' ವರ್ಗ ಕೊಟ್ಟಿದ್ದಾರೆ ಕಣೋ" ಅಂದರು. ಸಹಕಾರ ಸಂಘಗಳಿಗೆ ಲೆಕ್ಕಪರಿಶೋಧನೆ ಆದಮೇಲೆ ಎ, ಬಿ, ಸಿ, ಡಿ ಅಂತ ವರ್ಗ ಕೊಡುತ್ತಾರೆ. ವಾರ್ಷಿಕ ವರದಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಕೊಳ್ಳುವುದು ಅದನ್ನೇ. ಆದರೆ ಆಡಿಟರ್ ಬರೆದ ಪೂರ್ತಿ ವರದಿಯನ್ನು ಆ ಪುಸ್ತಕದಲ್ಲಿ ಹಾಕಿರಲಿಲ್ಲ. ಪ್ರಮಾಣಪತ್ರದ ಒಂದು ಪುಟ ಅಷ್ಟೇ ಇತ್ತು. ಮ್ಯಾನೇಜರನ್ನು ಕೇಳಿದರೆ "ಅದು ಆಫೀಸ್ ಕಾಪಿ ಸಾರ್, ಹೊರಗೆ ಕೊಡೋ ಹಾಗಿಲ್ಲ."

ಕೊಡದಿದ್ದರೆ ಬೇರೆ ದಾರಿ ಇದೆ. ಸಹಕಾರ ಸಂಘ ನೇರವಾಗಿ ಮಾಹಿತಿ ಹಕ್ಕು ಕಾಯ್ದೆಯ ಕೆಳಗೆ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಕೇರಳದ ತಲಪ್ಪಲಂ ಸಹಕಾರ ಬ್ಯಾಂಕಿನ ಪ್ರಕರಣದಲ್ಲಿ ಹೇಳಿದೆ. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ: ಸಹಕಾರ ಸಂಘಗಳ ನಿಬಂಧಕರು ಸರಕಾರಿ ಅಧಿಕಾರಿ, ಕಾನೂನಿನ ಪ್ರಕಾರ ಅವರು ಸಂಘದಿಂದ ಪಡೆಯಬಹುದಾದ ಮಾಹಿತಿಯನ್ನು ಅವರ ಬಳಿ ಕೇಳಬಹುದು. ಹಾಗಾಗಿ ಅರ್ಜಿ ಹಾಕಬೇಕಾದ್ದು ಸೊಸೈಟಿಗಲ್ಲ, ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಗೆ. ಎಆರ್ ಆಫೀಸ್ ಅಂತಾರೆ ಎಲ್ಲರೂ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, 'ಇಂಥ ಸಂಘದ ಕಳೆದ ಎರಡು ವರ್ಷದ ಲೆಕ್ಕಪರಿಶೋಧನಾ ವರದಿ ಮತ್ತು ಅದಕ್ಕೆ ಸಂಘ ಸಲ್ಲಿಸಿದ ಅನುಪಾಲನಾ ವರದಿಯ ನಕಲು' ಅಂತ ಒಂದೇ ವಾಕ್ಯದಲ್ಲಿ ಕೇಳಿದೆ. 'ಸಂಘ ಸುರಕ್ಷಿತವೇ?' ಅಂತ ಕೇಳಿದರೆ ಉತ್ತರ ಬರುವುದಿಲ್ಲ, ಅದು ಅಭಿಪ್ರಾಯ. ದಾಖಲೆಯ ಹೆಸರು ಹೇಳಿ ಕೇಳಬೇಕು. ನಕಲಿನ ಶುಲ್ಕ ಕಟ್ಟಿಸಿಕೊಂಡು ಕೊಟ್ಟರು.

ಅನುಪಾಲನಾ ವರದಿಯನ್ನೂ ಕೇಳಿದ್ದು ಒಳ್ಳೆಯದಾಯಿತು. ಆಡಿಟರ್ ತೋರಿಸಿದ ನ್ಯೂನತೆಗಳಿಗೆ ಸಂಘ ಕೊಟ್ಟ ಉತ್ತರ ಅದು. ಹಿಂದಿನ ವರ್ಷ 'ಸರಿಪಡಿಸಲಾಗುವುದು' ಅಂತ ಬರೆದದ್ದು ಈ ವರ್ಷವೂ ಅದೇ ಪದದಲ್ಲಿ ಇದ್ದರೆ ಏನೂ ಆಗಿಲ್ಲ ಅಂತ ಅರ್ಥ. ನಮ್ಮ ಸಂಘದ್ದರಲ್ಲಿ ಹಾಗೆಯೇ ಇತ್ತು, ಕಾಗುಣಿತದ ತಪ್ಪುಗಳ ಸಮೇತ.

ಆಡಿಟ್ ವರದಿಯಲ್ಲಿ ನನಗೆ ಮುಖ್ಯ ಅನಿಸಿದ್ದು ಎರಡು ಟಿಪ್ಪಣಿ. ಒಂದು: 24 ಕೋಟಿ ಸ್ಥಿರಾಸ್ತಿ ಅಡಮಾನ ಸಾಲ ಬರೀ 61 ಜನರ ಕೈಯಲ್ಲಿದೆ, ಅದರಲ್ಲಿ ಹಲವು ಖಾತೆಗಳು ಒಂದೇ ಬಡಾವಣೆಯ ನಿವೇಶನಗಳ ಮೇಲೆ ಕೊಟ್ಟದ್ದು, ಸಾಲಗಾರರಲ್ಲಿ ಕೆಲವರು ನಿರ್ದೇಶಕರ ಸಂಬಂಧಿಕರು. ಆ ಬಡಾವಣೆಯ ಸೈಟುಗಳು ಮಾರಾಟವಾಗದಿದ್ದರೆ ಅಷ್ಟೂ ಸಾಲ ಒಟ್ಟಿಗೆ ನಿಲ್ಲುತ್ತದೆ. ಎರಡು: ಕೆಲವು ಸಾಲ ಮಾರ್ಚ್ ಕೊನೆಯ ವಾರದಲ್ಲಿ ಪೂರ್ತಿ ತೀರುವಳಿ ಆಗಿ, ಏಪ್ರಿಲ್ ಮೊದಲ ವಾರದಲ್ಲಿ ಅದೇ ವ್ಯಕ್ತಿಗೆ ಇನ್ನೂ ದೊಡ್ಡ ಮೊತ್ತಕ್ಕೆ ಮತ್ತೆ ಮಂಜೂರಾಗಿವೆ. ಆಡಿಟರ್ ಒಂದು ಖಾತೆಯನ್ನು ತಾರೀಖು ಸಮೇತ ಬರೆದಿದ್ದರು. ಮಾರ್ಚ್ 29ಕ್ಕೆ 38 ಲಕ್ಷ ಕಟ್ಟಿದ್ದು, ಏಪ್ರಿಲ್ 4ಕ್ಕೆ 45 ಲಕ್ಷ ಹೊಸ ಸಾಲ. ಮಾರ್ಚ್ 31ರ ಲೆಕ್ಕದಲ್ಲಿ ಆ ಸಾಲ ಸುಸ್ತಿಯಲ್ಲಿ ಕಾಣುವುದೇ ಇಲ್ಲ. ಕೊಟ್ಟ 45ರಲ್ಲಿ ಹಳೆಯ ಅಸಲು, ಬಡ್ಡಿ ಎಲ್ಲ ಸೇರಿಹೋಗಿರುತ್ತದೆ. ಸುಸ್ತಿ ಸಾಲ ಶೇ. 6 ಮಾತ್ರ ಅಂತ ಅಧ್ಯಕ್ಷರು ಭಾಷಣದಲ್ಲಿ ಹೇಳಿದ್ದು ಇದೇ ಲೆಕ್ಕದ ಮೇಲೆ.

'ಬಿ' ವರ್ಗದ ಸಂಘದ ಆಡಿಟ್ ವರದಿಯೊಳಗೆ ಇಷ್ಟೆಲ್ಲ ಇರಬಹುದು. ವರ್ಗ ಅನ್ನುವುದು ಹಲವು ಅಂಶಗಳಿಗೆ ಅಂಕ ಕೊಟ್ಟು ಕೂಡಿದ ಮೊತ್ತ. ಸಭೆ ಹೊತ್ತಿಗೆ ಸರಿಯಾಗಿ ನಡೆಸಿದ್ದಕ್ಕೆ, ಪುಸ್ತಕ ಬರೆದಿಟ್ಟದ್ದಕ್ಕೆ ಕೂಡ ಅದರಲ್ಲಿ ಬೆಲೆ ಇದೆ. ಅಪ್ಪನಿಗೆ ಮೇಷ್ಟ್ರ ಭಾಷೆಯಲ್ಲೇ ಹೇಳಿದೆ: ಡ್ರಾಯಿಂಗ್, ಪಿಟಿಯಲ್ಲಿ ಫಸ್ಟ್ ಕ್ಲಾಸ್ ಬಂದು ಗಣಿತದಲ್ಲಿ ಫೇಲಾದ ಹುಡುಗನ ಸರಾಸರಿ ಇದು. ಆಗ ಸುಮ್ಮನಾದರು.

ಇಷ್ಟಾದ ಮೇಲೂ ಒಂದು ಪರೀಕ್ಷೆ ಬಾಕಿ ಇತ್ತು. ಅಮ್ಮನ 2 ಲಕ್ಷದ ಠೇವಣಿಯ ಅವಧಿ ಮುಗಿಯುತ್ತಾ ಬಂದಿತ್ತು. ಹಣ ವಾಪಸ್ ಬೇಕು ಅಂತ ಕೇಳಿದೆವು. ಹಣ ಹಾಕುವಾಗ ಐದು ನಿಮಿಷದಲ್ಲಿ ಬಾಂಡ್ ಕೊಟ್ಟವರು ಈಗ "ರಿನ್ಯೂವಲ್ ಮಾಡಿ ಅಮ್ಮಾ, ಕಾಲು ಪರ್ಸೆಂಟ್ ಜಾಸ್ತಿ ಹಾಕಿಸ್ತೀನಿ" ಅಂದರು. ಬೇಡ ಅಂದದ್ದಕ್ಕೆ "ಅಧ್ಯಕ್ಷರು ಊರಲ್ಲಿಲ್ಲ, ಚೆಕ್ಕಿಗೆ ಸಹಿ ಆಗಬೇಕು." ಅವರು ಊರಿಗೆ ಬಂದಮೇಲೆ "ಅರ್ಧ ಈಗ ತಗೊಳ್ಳಿ, ಮಿಕ್ಕಿದ್ದು ಆರು ತಿಂಗಳಿಗೆ ಹಾಕಿಬಿಡಿ." 42 ಕೋಟಿ ಠೇವಣಿ ಇರುವ ಸಂಘಕ್ಕೆ 2 ಲಕ್ಷ ದೊಡ್ಡದಾಗಬಾರದು. ದೊಡ್ಡದಾಗಿದೆ ಅಂದರೆ ವಾರ್ಷಿಕ ವರದಿಯಲ್ಲಿ ನೋಡಿದ ಆ ನೂರಕ್ಕೆ ಎಂಟು ಕೂಡ ಈಗ ಉಳಿದಿಲ್ಲ.

ಕೊನೆಗೆ ಬಾಯಿಮಾತು ಬಿಟ್ಟು ಕಾಗದ ಬರೆದೆವು. ಬಾಂಡಿನ ನಂಬರ್, ಅವಧಿ ಮುಗಿದ ತಾರೀಖು, ನವೀಕರಣ ಬೇಡ, ಇಂಥ ಬ್ಯಾಂಕಿನ ಉಳಿತಾಯ ಖಾತೆಗೆ ಹಾಕಿ ಅಂತ. ಎರಡು ಪ್ರತಿ ಮಾಡಿ ಒಂದರ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಂಡೆವು. ಮೂಲ ಬಾಂಡನ್ನು ಕೌಂಟರಿನಲ್ಲಿ ಬಿಟ್ಟು ಬರಲಿಲ್ಲ, ಹಣ ಬರುವ ದಿನ ಕೊಡುತ್ತೇವೆ ಅಂತ ಹೇಳಿ ಜೆರಾಕ್ಸ್ ಕೊಟ್ಟೆವು. ಇದು ಮುಖ್ಯ. ಮೂಲ ಬಾಂಡ್ ಅವರ ಕೈಗೆ ಹೋದರೆ ನಿಮ್ಮ ಬಳಿ ಇರುವುದು ಮಾತು ಮಾತ್ರ. ಗ್ರಾಹಕರ ಆಯೋಗಕ್ಕೆ ಹೋಗಬೇಕಾಗಿ ಬಂದರೂ ಮೊದಲು ಕೇಳುವುದು ಬಾಂಡ್ ಮತ್ತು ಆ ಮೊಹರಿನ ಪ್ರತಿಯನ್ನೇ. ಮೊಹರು ಬಿದ್ದ ಮೇಲೆ ಹಣ ಎರಡು ಕಂತಿನಲ್ಲಿ ಬಂತು.

ಈಗ ಅತ್ತೆಯ ಚೀಟಿಗೆ ಬರೋಣ. ಅತ್ತೆಗೆ ಸೀರೆ ಅಂಗಡಿ ಇದೆ. ಚೀಟಿ 5 ಲಕ್ಷದ್ದು, 20 ಜನ, 20 ತಿಂಗಳು, ತಿಂಗಳಿಗೆ 25,000. ಹನ್ನೆರಡನೇ ತಿಂಗಳ ಹರಾಜಿನಲ್ಲಿ ಅತ್ತೆ 90,000 ಬಿಡುತ್ತೇನೆ ಅಂತ ಕೂಗಿ ಚೀಟಿ ಎತ್ತಿದರು. ಅವರಿಗೆ ಸಿಗಬೇಕಾದ್ದು 4,10,000. ಬಿಟ್ಟ 90,000ದಲ್ಲಿ ಕಂಪನಿಯ ಕಮಿಷನ್ ಶೇ. 5, ಅಂದರೆ 25,000. ಮಿಕ್ಕ 65,000ವನ್ನು 20 ಜನಕ್ಕೆ ಹಂಚಿದರೆ ತಲೆಗೆ 3,250. ಆ ತಿಂಗಳು ಎಲ್ಲರೂ ಕಟ್ಟಬೇಕಾದ್ದು 21,750. ಕಾಯ್ದೆ ಪ್ರಕಾರ ಕಮಿಷನ್ ಶೇ. 7ರವರೆಗೆ ಹೋಗಬಹುದು, 2019ಕ್ಕೆ ಮುಂಚೆ ಶೇ. 5 ಇತ್ತು.

ಚೀಟಿಯನ್ನು ಪರಿಶೀಲಿಸುವುದು ಸೊಸೈಟಿಗಿಂತ ಸುಲಭ, ಯಾಕೆಂದರೆ 1982ರ ಚೀಟಿ ನಿಧಿ ಕಾಯ್ದೆ ಪ್ರತಿ ಗುಂಪಿಗೂ ಬೇರೆ ಬೇರೆ ಕಾಗದ ಕೇಳುತ್ತದೆ. ಅತ್ತೆಯ ಕಂಪನಿಗೆ ಹೋದಾಗ ಮೊದಲು ಕಂಪನಿ ನೋಂದಣಿ, ಜಿಎಸ್‌ಟಿ ಪ್ರಮಾಣಪತ್ರ ತೋರಿಸಿದರು. ಅದು ಬೇಡ, ಈ ಗುಂಪಿನ ಪ್ರಾರಂಭ ಪ್ರಮಾಣಪತ್ರ ತೋರಿಸಿ ಅಂದೆ. ಚೀಟಿ ನಿಬಂಧಕರಿಂದ ಪೂರ್ವ ಮಂಜೂರಾತಿ ಪಡೆದು, ಚೀಟಿ ಒಪ್ಪಂದ ನೋಂದಾಯಿಸಿದ ಮೇಲೆ ಆಯಾ ಗುಂಪಿಗೆ ಸಿಗುವ ಕಾಗದ ಅದು. ಗುಂಪಿನ ನಂಬರ್ ಅತ್ತೆಯ ಪಾಸ್‌ಬುಕ್ಕಿನ ನಂಬರಿಗೆ ತಾಳೆ ಆಗಬೇಕು. ಆಯಿತು. ಕರ್ನಾಟಕದಲ್ಲಿ ಚೀಟಿ ನೋಡಿಕೊಳ್ಳುವುದೂ ಸಹಕಾರ ಇಲಾಖೆಯೇ. ಇಲಾಖೆಯ ಕಚೇರಿಗೆ ಹೋಗಿ ಗುಂಪಿನ ನಂಬರ್ ಕೊಟ್ಟಾಗ ಗುಮಾಸ್ತರು ಫೈಲ್ ತೆಗೆದು ತೋರಿಸಿದರು. ಪ್ರತಿ ಹರಾಜಿನ ನಡಾವಳಿಯ ನಕಲನ್ನು ಕಂಪನಿ 21 ದಿನದೊಳಗೆ ಅಲ್ಲಿಗೆ ಕೊಡಬೇಕು. ಹಿಂದಿನ ತಿಂಗಳವರೆಗಿನದು ಇತ್ತು, ಅತ್ತೆ ಸಹಿ ಮಾಡಿದ ತಿಂಗಳದ್ದೂ ಇತ್ತು. ಕಂಪನಿ ಚೆನ್ನಾಗಿ ನಡೆಯುತ್ತಿದೆಯಾ ಅಂತ ನೋಡುವುದಕ್ಕೆ ಈ ಫೈಲಿಗಿಂತ ಒಳ್ಳೆಯ ಗುರುತು ನನಗೆ ಕಾಣಲಿಲ್ಲ. ಕಷ್ಟದಲ್ಲಿರುವ ಕಂಪನಿ ಮೊದಲು ಬಿಡುವುದು ಈ ಕೆಲಸವನ್ನೇ.

ಫೈಲಿನಲ್ಲಿ ಬ್ಯಾಂಕಿನ ಠೇವಣಿ ರಸೀದಿಯ ನಕಲೂ ಇತ್ತು. ಪೂರ್ವ ಮಂಜೂರಾತಿ ಕೇಳುವ ಮೊದಲೇ ಕಂಪನಿ ಚೀಟಿ ಮೊತ್ತದಷ್ಟು ಭದ್ರತೆಯನ್ನು ನಿಬಂಧಕರ ಹಿಡಿತದಲ್ಲಿ ಇಡಬೇಕು. ಇಲ್ಲಿ 5 ಲಕ್ಷ. ಮೊದಲ ತಿಂಗಳ ಚೀಟಿಯನ್ನು ಸಾಮಾನ್ಯವಾಗಿ ಕಂಪನಿಯೇ ಎತ್ತಿಕೊಳ್ಳುತ್ತದೆ, ಅದಕ್ಕೆ ಈ ಭದ್ರತೆ ಸರಿಹೊಂದುತ್ತದೆ. ಅದರಾಚೆ ಪ್ರತಿ ತಿಂಗಳ ಹಣ ಅದೇ ತಿಂಗಳು ಒಬ್ಬರಿಗೆ ಹೋಗಿಬಿಡುತ್ತದೆ, ಕಂಪನಿಯ ಬಳಿ ರಾಶಿ ಬೀಳುವುದಿಲ್ಲ. ಚೀಟಿ ಎತ್ತಿದವರು ಮಿಕ್ಕ ಕಂತು ಕಟ್ಟದೆ ಹೋದರೆ ತೊಂದರೆ, ಅದಕ್ಕೇ ಹಣ ಕೊಡುವಾಗ ಜಾಮೀನು ಕೇಳುತ್ತಾರೆ. ಅತ್ತೆ "ನನ್ನ ಹಣಕ್ಕೆ ನನಗೇ ಜಾಮೀನಾ" ಅಂತ ಗೊಣಗುತ್ತಿದ್ದರು. ಜಾಮೀನು ಕೇಳದೆ ಕೊಡುವ ಕಂಪನಿ ಇದ್ದರೆ ಭಯಪಡಬೇಕಾದ್ದು ಇನ್ನೂ ಚೀಟಿ ಎತ್ತದ ಎಂಟು ಜನ.

ಇಲ್ಲಿಗೆ ಅತ್ತೆ ಗೆದ್ದರು. ಆದರೆ ಹಣ ಕೊಡುವ ದಿನ ಕಂಪನಿಯ ಮೇಲ್ವಿಚಾರಕರು ಒಂದು ಮಾತು ತೆಗೆದರು: "ಅಮ್ಮಾ, ನಾಲ್ಕು ಲಕ್ಷ ನಮ್ಮ ಹತ್ತಿರಾನೇ ಬಿಡಿ. ನೂರಕ್ಕೆ ಒಂದೂವರೆ ಬಡ್ಡಿ, ತಿಂಗಳು ತಿಂಗಳು ಮನೆಗೇ ತಂದುಕೊಡ್ತೀವಿ. ಜಾಮೀನಿನ ತಲೆಬಿಸಿಯೂ ಇರಲ್ಲ." ವರ್ಷಕ್ಕೆ ಶೇ. 18. ಅತ್ತೆಯ ಮುಖ ಅರಳಿತ್ತು. ನಾನು ಬೇಡ ಅಂದೆ. ಚೀಟಿ ಕಂಪನಿ ಸಾರ್ವಜನಿಕರಿಂದ ಠೇವಣಿ ತೆಗೆದುಕೊಳ್ಳುವಂತಿಲ್ಲ. ಚೀಟಿಯೊಳಗೆ ಇರುವವರೆಗೆ ನಡಾವಳಿ, ಭದ್ರತೆ, ನಿಬಂಧಕರ ಫೈಲ್ ಎಲ್ಲ ಇವೆ. ಆ ನಾಲ್ಕು ಲಕ್ಷ ಬಡ್ಡಿಗೆ ಅಂತ ಕಂಪನಿಯ ಕೈಗೆ ವಾಪಸ್ ಹೋದ ಕ್ಷಣಕ್ಕೆ ಅದು ಯಾವ ಫೈಲಿನಲ್ಲೂ ಇಲ್ಲ, ಅತ್ತೆಯ ಕೈಯಲ್ಲಿ ಒಂದು ಪ್ರೋನೋಟು ಅಷ್ಟೇ. ಎತ್ತಿದವರು ತಕ್ಷಣ ಜಾಮೀನು ಕೊಡದಿದ್ದರೆ ಆ ಹಣವನ್ನು ಬ್ಯಾಂಕಿನ ಪ್ರತ್ಯೇಕ ಖಾತೆಯಲ್ಲಿ ಇಡಬೇಕು ಅನ್ನುತ್ತದೆ ಕಾಯ್ದೆ. ಅದನ್ನೇ ಕೇಳಿದೆವು. ಜಾಮೀನಿಗೆ ಅಪ್ಪನೇ ಹೋಗಿ ಸಹಿ ಹಾಕಿದರು, ಬೈದುಕೊಂಡೇ.

ಬೀದಿಯಲ್ಲಿ ನೋಟ್‌ಬುಕ್ಕಿನ ಮೇಲೆ ನಡೆಯುವ ಚೀಟಿಗಳಿಗೆ ಈ ಯಾವ ಪರೀಕ್ಷೆಯೂ ಇಲ್ಲ. ಅಲ್ಲಿ ಫೈಲೂ ಇಲ್ಲ, ಭದ್ರತೆಯೂ ಇಲ್ಲ, ನಡೆಸುವವರ ಮನಸ್ಸು ಮತ್ತು ಆರೋಗ್ಯ ಎರಡೇ ಗ್ಯಾರಂಟಿ.

ಅಪ್ಪನ 15 ಲಕ್ಷ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹೋಯಿತು, ಶೇ. 8.2ರಲ್ಲಿ. ಸೊಸೈಟಿ ಹೇಳಿದ 10.5ಕ್ಕೆ ಹೋಲಿಸಿದರೆ ವರ್ಷಕ್ಕೆ 34,500 ಕಮ್ಮಿ, ತಿಂಗಳಿಗೆ 2,875. ಅಷ್ಟಕ್ಕೆ 15 ಲಕ್ಷವನ್ನು ಆ 61 ಜನ ಸಾಲಗಾರರ ಹಿಂದೆ ನಿಲ್ಲಿಸುವುದು ಬೇಡ ಅಂತ ಅಪ್ಪನೇ ಕೊನೆಗೆ ಅಂದರು.

ಪಿಗ್ಮಿ ಏಜೆಂಟರಿಗೂ ವರದಿ ತೋರಿಸಿದೆ. ಅವರ ಪರಿಸ್ಥಿತಿ ಕಷ್ಟದ್ದು. ಏಜೆನ್ಸಿಗೆ ಅಂತ ಕಟ್ಟಿದ ಭದ್ರತಾ ಠೇವಣಿ ಸೊಸೈಟಿಯಲ್ಲೇ ಸಿಕ್ಕಿಕೊಂಡಿದೆ, ಕೆಲಸ ಬಿಟ್ಟರೆ ಮಾತ್ರ ವಾಪಸ್. ಸ್ವಂತ ಉಳಿತಾಯವನ್ನು ಮಾತ್ರ ಅವಧಿ ಮುಗಿದ ಹಾಗೆ ಒಂದೊಂದಾಗಿ ತೆಗೆಯುತ್ತಿದ್ದಾರೆ. ಅಪ್ಪ ಷೇರನ್ನು ವಾಪಸ್ ಕೊಟ್ಟಿಲ್ಲ, ಕೊಡಬೇಡಿ ಅಂತ ನಾನೇ ಹೇಳಿದೆ. ಷೇರಿದ್ದರೆ ಸೆಪ್ಟೆಂಬರಿನ ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಂತು ಕೇಳಬಹುದು. ಎರಡು ಪ್ರಶ್ನೆ ಬರೆದು ಕೊಟ್ಟಿದ್ದೇನೆ: ಬರಬೇಕಾದ ಬಡ್ಡಿಯಲ್ಲಿ ಒಂದು ವರ್ಷಕ್ಕಿಂತ ಹಳೆಯದು ಎಷ್ಟು, ಮತ್ತು ಮಾರ್ಚ್ ಕೊನೆಯ ವಾರ ತೀರಿ ಏಪ್ರಿಲಿನಲ್ಲಿ ಮತ್ತೆ ಕೊಟ್ಟ ಸಾಲಗಳ ಒಟ್ಟು ಮೊತ್ತ ಎಷ್ಟು. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ ಅಂತಲೂ ಹೇಳಿದ್ದೇನೆ.